ಮೊದಲ ಸಲ ಯುಪಿಐ ಹಾಕಿಸ್ಲಿಕ್ಕೆ ಹೊರಟವರಿಗೆ: ಭೀಮ್, ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಯಾವುದು ಯಾರಿಗೆ ಆಗ್ತದೆ

"ಯಾವ ಆಪ್ ಸೇಫ್ ಮಾರಾಯ್ರೆ?" ಅಂತ ಕೇಳುವವರಿಗೆ ಮೊದಲು ಹೇಳ್ಬೇಕಾದ್ದು, ಹಣ ಹೋಗುವ ದಾರಿ ಎಲ್ಲದ್ರಲ್ಲೂ ಒಂದೇ. ಮಂಗ್ಳೂರಿಂದ ಉಡುಪಿಗೆ ಯಾವ ಬಸ್ ಹತ್ತಿದ್ರೂ ಅದೇ ಹೆದ್ದಾರಿ 66ರಲ್ಲಿ ಹೋಗ್ಬೇಕಲ್ಲ, ಹಾಗೆ. ಎನ್‌ಪಿಸಿಐ ಅನ್ನುವ ಸಂಸ್ಥೆ 2016ರಲ್ಲಿ ಯುಪಿಐ ಶುರು ಮಾಡಿತು, ಫೋನ್‌ಪೇ ಆಗ್ಲಿ ಗೂಗಲ್ ಪೇ ಆಗ್ಲಿ ನಿಮ್ಮ ಬ್ಯಾಂಕಿನದ್ದೇ ಆಪ್ ಆಗ್ಲಿ ಅದರ ಮೇಲೆಯೇ ಓಡುವುದು. ನಿಮ್ಮ ಹಣ ಆಪಲ್ಲಿ ಇರುವುದಿಲ್ಲ, ಬ್ಯಾಂಕಲ್ಲೇ ಇರ್ತದೆ, ಪಿನ್ ಸರಿ ಉಂಟಾ ಅಂತ ನೋಡುವುದೂ ಬ್ಯಾಂಕೇ. ಹಾಗಾಗಿ "ಈ ಆಪಲ್ಲಿ ದುಡ್ಡು ಹೋಗ್ತದಂತೆ, ಆ ಆಪಲ್ಲಿ ಹೋಗುದಿಲ್ಲವಂತೆ" ಅನ್ನುವ ಮಾತಿಗೆ ಎಂತ ಅರ್ಥವೂ ಇಲ್ಲ.

ಹಾಗಾದ್ರೆ ವ್ಯತ್ಯಾಸ ಎಲ್ಲಿ? ನನ್ನ ಲೆಕ್ಕದಲ್ಲಿ ಹೊಸಬರಿಗೆ ಬೇಕಾದ್ದು ಎರಡೇ. ತೆರೆದ ಕೂಡ್ಲೆ ಪರದೆಯಲ್ಲಿ ಎಷ್ಟು ಗಲಾಟೆ ಉಂಟು, ಮತ್ತೆ ಆಪಿಗೆ ಅದರದ್ದೇ ಬೀಗ ಉಂಟಾ. ಕ್ಯಾಶ್‌ಬ್ಯಾಕ್ ಸ್ಕ್ರ್ಯಾಚ್ ಕಾರ್ಡ್ ಎಲ್ಲ ನೋಡಿ ಆಪ್ ಆರಿಸುದು ಬೇಡ, ಅದ್ರಲ್ಲಿ ಈಗ ಸಿಗುದು ಯಾವುದೋ ಕಂಪೆನಿಯ ಕೂಪನ್ನು ಅಷ್ಟೆ.

ಉದಾಹರಣೆಗೆ ನಮ್ಮ ಚಿಕ್ಕಮ್ಮನನ್ನೇ ಇಟ್ಕೊಳ್ಳಿ. ಶಂಕರಪುರದ ಹತ್ತಿರ ಮನೆ, ಹಿತ್ತಲಲ್ಲಿ ಮಲ್ಲಿಗೆ ಗಿಡ, ಹೂ ಕೊಂಡೋಗುವವರು ಈಗ ಕ್ಯಾಷ್ ಬದಲು "ನಂಬರ್ ಕೊಡಿ ಅಕ್ಕ, ಹಾಕ್ತೇವೆ" ಅಂತಾರೆ. ಅವರಿಗೆ ಬೇಕಾದ್ದು ನಾಲ್ಕು ಕೆಲಸ: ಹೂವಿನ ದುಡ್ಡು ಬರ್ಬೇಕು, ಮೆಸ್ಕಾಂ ಬಿಲ್ ಕಟ್ಬೇಕು, ಮೆಡಿಕಲ್‌ನಲ್ಲಿ ಮತ್ತು ಮೀನಿನವರಿಗೆ ಕೊಡ್ಬೇಕು, ಮೊಬೈಲ್ ರೀಚಾರ್ಜ್ ಆಗ್ಬೇಕು. ಸ್ಮಾರ್ಟ್‌ಫೋನ್ ಉಂಟು, ಈವರೆಗೆ ಅದ್ರಲ್ಲಿ ವಾಟ್ಸಾಪ್ ಮತ್ತು ಯಕ್ಷಗಾನದ ವೀಡಿಯೊ ಮಾತ್ರ.

ಆಪಿಗಿಂತ ಮುಂಚೆ ಬ್ಯಾಂಕಿನ ಕೆಲಸ

ಹೊಸಬರಲ್ಲಿ ತುಂಬಾ ಜನ ಇಲ್ಲೇ ಸಿಕ್ಕಿಬೀಳುದು. ಆಪ್ ಹಾಕಿ, ನಂಬರ್ ಕೊಟ್ಟು, ಬ್ಯಾಂಕ್ ಆರಿಸಿದ್ರೆ "ಈ ನಂಬರಿಗೆ ಖಾತೆ ಇಲ್ಲ" ಅಂತ ಬರ್ತದೆ. ಆಪ್ ಹಾಳಾದ್ದಲ್ಲ. ಬ್ಯಾಂಕಿನ ದಾಖಲೆಯಲ್ಲಿ ಯಾವ ಮೊಬೈಲ್ ನಂಬರ್ ಉಂಟೋ ಅದೇ ಸಿಮ್ ಈ ಫೋನಲ್ಲಿ ಇರ್ಬೇಕು. ನಮ್ಮ ಕಡೆ ಹಳೆ ಸಿಂಡಿಕೇಟ್ ಬ್ಯಾಂಕ್ ಖಾತೆಗಳು 2020ರ ಏಪ್ರಿಲಲ್ಲಿ ಕೆನರಾ ಆದವು, ಕಾರ್ಪೊರೇಷನ್ ಬ್ಯಾಂಕಿನದ್ದು ಯೂನಿಯನ್ ಆಯ್ತು, ಅದ್ರ ಹಿಂದಿನ ವರ್ಷ ವಿಜಯಾ ಬ್ಯಾಂಕ್ ಹೋಗಿ ಬರೋಡಾಕ್ಕೆ ಸೇರಿತು. ಹಾಗಾಗಿ ಆಪಿನ ಪಟ್ಟಿಯಲ್ಲಿ ಹಳೆ ಹೆಸರು ಹುಡುಕಿದ್ರೆ ಸಿಗ್ಲಿಕ್ಕಿಲ್ಲ, ಹೊಸ ಹೆಸರಲ್ಲೇ ನೋಡ್ಬೇಕು. ಚಿಕ್ಕಮ್ಮನ ಖಾತೆಯಲ್ಲಿ ಇದ್ದದ್ದು ದುಬೈಯಲ್ಲಿರುವ ಮಗನ ಹಳೆ ನಂಬರ್. ಆಧಾರ್, ಪಾಸ್‌ಬುಕ್ ಹಿಡ್ಕೊಂಡು ಬ್ರಾಂಚಿಗೆ ಹೋಗಿ ಫಾರ್ಮ್ ಕೊಟ್ಟು ಅವರದ್ದೇ ನಂಬರ್ ಹಾಕಿಸಿದ್ದಾಯ್ತು. ಇದನ್ನು ಮನೆಯಲ್ಲೇ ಫೋನ್ ಮೂಲಕ ಮಾಡಿ ಕೊಡ್ತೇನೆ ಅಂತ ಯಾರಾದ್ರೂ ಹೇಳಿದ್ರೆ ಒಪ್ಲೇಬೇಡಿ.

ಇನ್ನೊಂದು ಸಣ್ಣ ರಗಳೆ. ರಿಜಿಸ್ಟರ್ ಆಗುವಾಗ ಆಪ್ ನಿಮ್ಮ ಸಿಮ್ಮಿಂದ ಒಂದು ಎಸ್ಸೆಮ್ಮೆಸ್ ಕಳಿಸ್ತದೆ, ಈ ಫೋನೂ ಈ ನಂಬರೂ ಒಬ್ರದ್ದೇ ಅಂತ ಗೊತ್ತಾಗ್ಲಿಕ್ಕೆ. ಎರಡು ಸಿಮ್ ಇರುವ ಫೋನಲ್ಲಿ ಸರಿಯಾದ ಸಿಮ್ ಆರಿಸ್ಬೇಕು, ಮತ್ತೆ ಅದ್ರಲ್ಲಿ ಎಸ್ಸೆಮ್ಮೆಸ್ ಹೋಗುವಷ್ಟು ಪ್ಯಾಕೋ ಬ್ಯಾಲೆನ್ಸೋ ಇರ್ಬೇಕು, ಇಲ್ಲದ್ರೆ ಅದು ತಿರುಗ್ತಾ ತಿರುಗ್ತಾ ಕೊನೆಗೆ ಫೇಲ್ ಅಂತ ತೋರಿಸ್ತದೆ.

ಈಗ ಆಪ್‌ಗಳು

ಫೋನ್‌ಪೇ ಮತ್ತು ಗೂಗಲ್ ಪೇ, ಇವೆರಡು ಸೇರಿದ್ರೆ ದೇಶದ ಯುಪಿಐ ವ್ಯವಹಾರದಲ್ಲಿ ಹೆಚ್ಚಿನ ಪಾಲು ಮುಗಿಯಿತು. ಹಾಗಾಗಿ ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇವೇ ಇರ್ತವೆ, ಎಂತದಾದ್ರೂ ಗೊತ್ತಾಗದಿದ್ರೆ ತೋರಿಸಿ ಕೊಡ್ಲಿಕ್ಕೆ ಜನ ಸಿಗ್ತಾರೆ. ಹೊಸಬರಿಗೆ ಇದು ಸಣ್ಣ ಲಾಭ ಅಲ್ಲ.

ಫೋನ್‌ಪೇಯಲ್ಲಿ ಕೆಲಸ ಎಲ್ಲ ಆಗ್ತದೆ, ಕನ್ನಡ ಉಂಟು, ಬಿಲ್ ಕಟ್ಲಿಕ್ಕೆ ಸಲೀಸು. ಆದ್ರೆ ಪರದೆ ತುಂಬಾ ಸಾಲ, ಚಿನ್ನ, ಇನ್ಶೂರೆನ್ಸ್, ಮ್ಯೂಚುವಲ್ ಫಂಡ್. ಚಿಕ್ಕಮ್ಮನಿಗೆ ನನ್ನ ಫೋನಲ್ಲಿ ತೋರಿಸಿದಾಗ, "ಎಂತ ಮಗಾ ಇದು, ಒಂದು ದಿಕ್ಕಲ್ಲಿ ಸಾಲ ಬೇಕಾ ಅಂತ ಕೇಳ್ತದೆ, ಮತ್ತೊಂದು ದಿಕ್ಕಲ್ಲಿ ಚಿನ್ನ ಬೇಕಾ ಅಂತ ಕೇಳ್ತದೆ, ನಂಗೆ ಕರೆಂಟ್ ಬಿಲ್ ಕಟ್ಲಿಕ್ಕೆ ಮಾತ್ರ ಅಲ್ವಾ ಬೇಕಾದ್ದು" ಅಂದ್ರು. ಆ ಮಾತು ಸರಿಯೇ, ಬೆರಳು ಎಲ್ಲಿಯೋ ತಾಗಿ ಎಲ್ಲಿಯೋ ಹೋಗಿ ಕೂತ್ರೆ ವಾಪಸ್ ಬರುದು ಹೇಗೆ ಅಂತ ಗೊತ್ತಾಗದೆ ಮಂಡೆಬಿಸಿ ಆಗುದು ಹೊಸಬರಿಗೇ.

ಗೂಗಲ್ ಪೇ ಚೂರು ಶಾಂತ. ಯಾರಿಗೆ ಕಳಿಸಿದ್ದೀರೋ ಅವರ ಮುಖ, ಹೆಸರು ಮೇಲೆ ಬರ್ತದೆ, ಒತ್ತಿದ್ರೆ ವಾಟ್ಸಾಪ್ ಚಾಟಿನ ಹಾಗೆ ಹಳೆ ಲೆಕ್ಕ ಎಲ್ಲ ಸಾಲಾಗಿ ಕಾಣ್ತದೆ, "ಹೋದ ತಿಂಗಳು ಹಾಲಿನವನಿಗೆ ಎಷ್ಟು ಕೊಟ್ಟದ್ದು" ಅಂತ ನೋಡ್ಲಿಕ್ಕೆ ಇದಕ್ಕಿಂತ ಸುಲಭ ಇಲ್ಲ. ಆ ಮುಖಗಳದ್ದೇ ತೊಂದರೆಯೂ ಉಂಟು. ಒಂದೇ ಹೆಸರಿನ ಇಬ್ರು ಇದ್ರೆ ಗಡಿಬಿಡಿಯಲ್ಲಿ ತಪ್ಪು ಮುಖ ಒತ್ತಿ ಹೋಗ್ತದೆ. ಗೊತ್ತಿಲ್ಲದವರು ಎಂತಾದ್ರೂ ಕಳಿಸಿ ತಲೆ ತಿಂದ್ರೆ ಅವರ ಚಾಟ್ ತೆರೆದು ಮೇಲಿನ 3 ಚುಕ್ಕೆ ಒತ್ತಿ ಬ್ಲಾಕ್ ಮಾಡ್ಲಿಕ್ಕೆ ಆಗ್ತದೆ.

ಪೇಟಿಎಂ ಬಗ್ಗೆ ಜನರಿಗೆ ಇನ್ನೂ ಒಂದು ಸಂಶಯ ಉಂಟು, "ಅದು ಬಂದ್ ಆಯ್ತಲ್ವಾ" ಅಂತ. 2024ರಲ್ಲಿ ರಿಸರ್ವ್ ಬ್ಯಾಂಕ್ ತಡೆದದ್ದು ಪೇಟಿಎಂ ಪೇಮೆಂಟ್ಸ್ ಬ್ಯಾಂಕನ್ನು, ಆಪ್ ಈಗ ಬೇರೆ ಬ್ಯಾಂಕುಗಳ ಮೂಲಕ ನಡೀತಾ ಉಂಟು. ದುಡ್ಡು ಬಂದದ್ದನ್ನು ಜೋರಾಗಿ ಹೇಳುವ ಸೌಂಡ್‌ಬಾಕ್ಸ್ ಬೇಕಾದ ಅಂಗಡಿಯವರಿಗೆ ಪೇಟಿಎಂ ಮತ್ತು ಫೋನ್‌ಪೇ ಎರಡೂ ಅಡ್ಡಿಲ್ಲ. ಮನೆಯಲ್ಲಿ ಕೂತು ನಾಲ್ಕು ಕಡೆ ದುಡ್ಡು ಕೊಡುವವರಿಗೆ ಅದ್ರಲ್ಲೂ ಟಿಕೆಟ್, ಸಾಲ, ಆಟ ಅಂತ ಗಲಾಟೆ ಜಾಸ್ತಿ.

ಇನ್ನು ಭೀಮ್. ಇದು ಎನ್‌ಪಿಸಿಐಯದ್ದೇ ಆಪ್, 2016ರ ಡಿಸೆಂಬರ್ 30ಕ್ಕೆ ಬಂದದ್ದು, 2025ರಲ್ಲಿ ಹೊಸ ರೂಪ ಮಾಡಿದ್ರು. ತೆರೆಯುವಾಗಲೇ ಒಂದು ಪಾಸ್‌ಕೋಡ್ ಅಥವಾ ಬೆರಳಚ್ಚು ಕೇಳ್ತದೆ, ದುಡ್ಡು ಕಳಿಸುವಾಗ ಯುಪಿಐ ಪಿನ್ ಬೇರೆ. ಎರಡು ಬೀಗ ಆಯ್ತಲ್ಲ, ಮೊಮ್ಮಗ ಆಟ ಆಡ್ತಾ ಆಡ್ತಾ ಆಪ್ ತೆರೆದ್ರೂ ಒಳಗೆ ಹೋಗ್ಲಿಕ್ಕಿಲ್ಲ. ಪರದೆಯಲ್ಲಿ ಸ್ಕ್ಯಾನ್, ಕಳಿಸು, ಬಿಲ್, ಹೀಗೆ ಬೇಕಾದ್ದು ಕಣ್ಣಿಗೆ ಬೇಗ ಕಾಣ್ತದೆ. ತೊಂದರೆ ಎಂತ ಅಂದ್ರೆ ಸುತ್ತಮುತ್ತ ಬಳಸುವವರು ಕಮ್ಮಿ, ಸಿಕ್ಕಿಬಿದ್ರೆ ತೋರಿಸಿ ಕೊಡುವವರು ಇರುದಿಲ್ಲ.

ನಾವು ಚಿಕ್ಕಮ್ಮನಿಗೆ ಭೀಮ್ ಹಾಕಿದೆವು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಇದ್ದು ಅವರೆಲ್ಲ ಗೂಗಲ್ ಪೇ ಬಳಸುದಾದ್ರೆ ನಾನು ಗೂಗಲ್ ಪೇ ಅನ್ನೇ ಹಾಕಿ ಅಂತಿದ್ದೆ. ಗೂಡಂಗಡಿ ಇಟ್ಟವರಾದ್ರೆ ಸೌಂಡ್‌ಬಾಕ್ಸ್ ಕೊಡುವವರಲ್ಲಿ ಯಾರ ಬಾಡಿಗೆ ಕಮ್ಮಿಯೋ ಅದು. ಎಲ್ಲ ಒಟ್ಟಿಗೆ ಹಾಕಿ ಯಾವುದಾದ್ರೂ ಒಂದು ನಡೀತದೆ ಅನ್ನುದು ಮಾತ್ರ ಬೇಡ. ಪ್ರತಿ ಆಪೂ ಒಂದೊಂದು ಯುಪಿಐ ಐಡಿ, ಅಂದ್ರೆ ನಿಮಗೆ ಹಣ ಬರುವ ವಿಳಾಸ, ಮಾಡಿಡ್ತದೆ, ಗೂಗಲ್ ಪೇಯದ್ದಾದ್ರೆ @okaxis, @oksbi ಅಂತ ಮುಗೀತದೆ, ಫೋನ್‌ಪೇಯದ್ದು @ybl, ಭೀಮಿನದ್ದು @upi. ಆಪನ್ನು ಫೋನಿಂದ ತೆಗೆದು ಹಾಕಿದ ಮಾತ್ರಕ್ಕೆ ಆ ಐಡಿ ಹೋಗುದಿಲ್ಲ, ಆಪಿನ ಒಳಗೆ ಹೋಗಿಯೇ ಖಾತೆ ತೆಗೀಬೇಕು.

ಯಾವ ಖಾತೆ ಜೋಡಿಸುದು

ನನ್ನ ಪ್ರಕಾರ ಯಾವ ಆಪ್ ಅನ್ನುದಕ್ಕಿಂತ ದೊಡ್ಡ ಪ್ರಶ್ನೆ ಇದು, ಆದ್ರೆ ಯಾರೂ ಕೇಳುದಿಲ್ಲ. ಚಿಕ್ಕಮ್ಮನ ಕೆನರಾ ಖಾತೆಯಲ್ಲಿ ಪೆನ್ಷನ್ ಬರ್ತದೆ, ಚಿಕ್ಕಪ್ಪ ತೀರಿಹೋದ ಮೇಲೆ ಬಂದ ದುಡ್ಡೂ ಅಲ್ಲೇ ಉಂಟು. ಅದನ್ನು ಯುಪಿಐಗೆ ಜೋಡಿಸಿದ್ರೆ, ಮೋಸ ಮಾಡುವವ ಒಂದು ಸಲ ಪಿನ್ ಒತ್ತಿಸಿದ ಅಂದ್ರೆ ಸಾಮಾನ್ಯ ಲಿಮಿಟಿನ ಪ್ರಕಾರ ಒಂದು ದಿನಕ್ಕೆ 1 ಲಕ್ಷದವರೆಗೆ ಹೋಗ್ಲಿಕ್ಕೆ ದಾರಿ ಉಂಟು. ನಾವು ಮಾಡಿದ್ದು ಇಷ್ಟೆ: ಇನ್ನೊಂದು ಬ್ಯಾಂಕಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಲ್ಲದ ಒಂದು ಉಳಿತಾಯ ಖಾತೆ ತೆರೆದು ಅದನ್ನು ಮಾತ್ರ ಜೋಡಿಸಿದ್ದು. ಹೂವಿನ ದುಡ್ಡು ಅದಕ್ಕೇ ಬರ್ತದೆ, ಜಾಸ್ತಿ ಆದ್ರೆ ಬ್ರಾಂಚಿಗೆ ಹೋದಾಗ ದೊಡ್ಡ ಖಾತೆಗೆ ಹಾಕಿಸ್ತಾರೆ. ಅದ್ರಲ್ಲಿ ಸಾಧಾರಣ 3-4 ಸಾವಿರ ಇರ್ತದೆ, ಯಾವ ಕಳ್ಳ ಎಷ್ಟು ಬುದ್ಧಿವಂತ ಆದ್ರೂ ಅದಕ್ಕಿಂತ ಜಾಸ್ತಿ ತೆಗೀಲಿಕ್ಕೆ ಆಗುದಿಲ್ಲ.

ಆಪಿನಲ್ಲಿ "ಖಾತೆ ಸೇರಿಸಿ" ಅಂತ ಆಗಾಗ ಕೇಳ್ತದೆ, ನಿಮ್ಮ ನಂಬರಿಗೆ ಬೇರೆ ಎಲ್ಲೆಲ್ಲ ಖಾತೆ ಉಂಟು ಅಂತ ಅದೇ ಹುಡುಕಿ ತೋರಿಸ್ತದೆ. ಬೇಡ ಅಂತ ಬಿಟ್ಟುಬಿಡಿ. ಎರಡನೇ ಖಾತೆ ತೆರೀಲಿಕ್ಕೆ ಮನಸ್ಸಿಲ್ಲದಿದ್ರೆ ನಿಮ್ಮ ಬ್ಯಾಂಕಿನ ಆಪಿನಲ್ಲಿ ಯುಪಿಐ ಲಿಮಿಟ್ ಕಮ್ಮಿ ಮಾಡುವ ಆಯ್ಕೆ ಉಂಟಾ ನೋಡಿ, ಇದ್ರೆ 5 ಸಾವಿರಕ್ಕೆ ಇಳಿಸಿ. ಆದ್ರೆ ಬೇರೆ ಖಾತೆಯಷ್ಟು ಗಟ್ಟಿ ಅಲ್ಲ, ಯಾಕಂದ್ರೆ ಇಳಿಸಿದ್ದನ್ನು ಫೋನಲ್ಲೇ ಏರಿಸ್ಲಿಕ್ಕೂ ಆಗ್ತದೆ.

ತಪ್ಪು ಜನಕ್ಕೆ ಹೋಗದ ಹಾಗೆ

ಕಳಿಸುವಾಗ ಪರದೆಯಲ್ಲಿ ಎರಡು ಹೆಸರು ಬರ್ತದೆ, ನೋಡಿ. ಮೇಲೆ ದೊಡ್ಡದಾಗಿ ನಿಮ್ಮ ಫೋನಲ್ಲಿ ನೀವೇ ಸೇವ್ ಮಾಡಿದ ಹೆಸರು. ಅದ್ರ ಕೆಳಗೆ ಸಣ್ಣದಾಗಿ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರು. 2025ರ ಜೂನ್ 30ರಿಂದ ಬ್ಯಾಂಕಲ್ಲಿರುವ ಅಸಲಿ ಹೆಸರನ್ನೇ ತೋರಿಸ್ಬೇಕು ಅಂತ ಎನ್‌ಪಿಸಿಐ ಎಲ್ಲ ಆಪ್‌ಗಳಿಗೂ ನಿಯಮ ಮಾಡಿದೆ. ದೊಡ್ಡ ಹೆಸರು ಎಂತ ಹೇಳಿದ್ರೂ ಲೆಕ್ಕಕ್ಕಿಲ್ಲ, ಓದ್ಬೇಕಾದ್ದು ಸಣ್ಣದ್ದನ್ನು.

ನಮ್ಮೂರಲ್ಲಿ ಇದು ಯಾಕೆ ಮುಖ್ಯ ಅಂದ್ರೆ ಗಲ್ಫಲ್ಲಿ ಇರುವವರಿಂದ. ಊರಿಗೆ ಬಂದಾಗ ತಗೊಂಡ ಸಿಮ್ಮು, ವಾಪಸ್ ಹೋದ ಮೇಲೆ ರೀಚಾರ್ಜ್ ಇಲ್ಲ. ಕೆಲವು ತಿಂಗಳು ಸುಮ್ಮನೆ ಬಿದ್ರೆ ಕಂಪೆನಿ ಆ ನಂಬರನ್ನು ಕಟ್ ಮಾಡಿ ಮತ್ತೆ ಬೇರೆ ಯಾರಿಗೋ ಕೊಡ್ತದೆ. ನಿಮ್ಮ ಫೋನಲ್ಲಿ ಅದು ಇನ್ನೂ "ಸುಧಾಕರ ಮಾಮ ಊರಿನ ನಂಬರ್" ಅಂತಲೇ ಇರ್ತದೆ. ಮಾಮ ವಾಟ್ಸಾಪಲ್ಲಿ "ಕೋಲದ ವಂತಿಗೆ ನಾನೇ ಕಟ್ತೇನೆ, ನಿನ್ನ ಪಾಲಿನ 2000 ನನ್ನ ನಂಬರಿಗೆ ಹಾಕು" ಅಂತಾರೆ, ನೀವು ಹೆಸರು ಹುಡುಕಿ ಒತ್ತಿ ಹಾಕ್ತೀರಿ. ಮೇಲೆ ಮಾಮನ ಹೆಸರು ಉಂಟು, ಕೆಳಗೆ ಬೇರೆ ಯಾವುದೋ ಊರಿನ ಯಾರದ್ದೋ ಹೆಸರು ಇತ್ತು, ಅದನ್ನು ನೋಡುವವರು ಯಾರು. ಹಣ ಹೋದದ್ದು ಆ ನಂಬರಿನ ಹೊಸ ಮಾಲೀಕನಿಗೆ, ಆಪಿನ ಲೆಕ್ಕದಲ್ಲಿ ತಪ್ಪು ಎಂತದೂ ಆಗಿಲ್ಲ, ಯಾಕಂದ್ರೆ ನೀವು ಕೊಟ್ಟ ನಂಬರಿಗೇ ಹೋಗಿದೆ.

ಹಾಗಾಗಿ ಯಾರಿಗಾದ್ರೂ ಮೊದಲ ಸಲ ಕಳಿಸುದಾದ್ರೆ ಮೊದಲು 1 ರೂಪಾಯಿ ಹಾಕಿ, ಫೋನ್ ಮಾಡಿ ಕೇಳಿ, ಬಂತು ಅಂದ ಮೇಲೆ ಉಳಿದದ್ದು. ಎರಡನೆಯದ್ದನ್ನು ಕೂಡ ಮತ್ತೆ ಹೆಸರು ಹುಡುಕಿ ಹಾಕುದಲ್ಲ, 1 ರೂಪಾಯಿ ಹೋದ ಅದೇ ಲೆಕ್ಕ ತೆರೆದು ಅಲ್ಲಿಂದ ಹಾಕುದು. ನಂಬರ್ ಬೆರಳಲ್ಲಿ ಟೈಪ್ ಮಾಡುದಕ್ಕಿಂತ ಎದುರಿದ್ದವರ ಕ್ಯೂಆರ್ ಸ್ಕ್ಯಾನ್ ಮಾಡುದು ಒಳ್ಳೆದು, ಅಂಕಿ ತಪ್ಪುವ ಪ್ರಶ್ನೆ ಇಲ್ಲ. ಅಂಗಡಿಯಲ್ಲಾದ್ರೆ ಸ್ಕ್ಯಾನ್ ಮಾಡಿದ ಮೇಲೆ ಬಂದ ಹೆಸರನ್ನು ಜೋರಾಗಿ ಓದಿ ಹೇಳಿ, "ಇದೇ ಅಲ್ವಾ?" ಅಂತ. ಅಸಲಿ ಕ್ಯೂಆರ್ ಮೇಲೆ ಬೇರೆಯವರು ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗುದು ಉಂಟು, ಹಾಗೆ ಓದಿದ್ರೆ ಅಂಗಡಿಯವನಿಗೂ ಗೊತ್ತಾಗ್ತದೆ. ಅಂಗಡಿ ಮಾಲೀಕರ ಸ್ವಂತ ಹೆಸರು ಬಂದ್ರೆ ಹೆದರ್ಬೇಡಿ, ಬೋರ್ಡಲ್ಲಿ ಒಂದು ಹೆಸರು ಬ್ಯಾಂಕಲ್ಲಿ ಇನ್ನೊಂದು ಇರುದು ಸಾಮಾನ್ಯ, ಕೇಳಿದ್ರೆ ಆಯ್ತು.

ಪಿನ್ ಒತ್ತಿಸುವವರು

ಯುಪಿಐ ಪಿನ್ ಅಂದ್ರೆ 4 ಅಥವಾ 6 ಅಂಕಿ, ಅದನ್ನು ಒತ್ತುದು ಹಣ ಕೊಡ್ಲಿಕ್ಕೆ ಮತ್ತು ಬ್ಯಾಲೆನ್ಸ್ ನೋಡ್ಲಿಕ್ಕೆ. ಹಣ ಬರ್ಲಿಕ್ಕೆ ಪಿನ್ ಬೇಡ, ಸ್ಕ್ಯಾನ್ ಬೇಡ, ಎಂತದೂ ಬೇಡ. ಚಿಕ್ಕಮ್ಮನಿಗೆ ಹೇಳಿದ್ದು ಹೀಗೆ: ಹೂವಿನ ದುಡ್ಡು ನೀವು ಮಲಗಿದ್ರೂ ಬರ್ತದೆ, ಅದಕ್ಕೆ ನೀವು ಎಂತ ಸಹ ಒತ್ಲಿಕ್ಕಿಲ್ಲ.

ಹಿಂದೆ ಮೋಸದವರು "ನಿಮಗೆ 5000 ಬಂದಿದೆ, ಒಪ್ಪಿಕೊಳ್ಳಿ" ಅಂತ ಹಣ ಕೇಳುವ ರಿಕ್ವೆಸ್ಟ್ ಕಳಿಸ್ತಿದ್ರು, ಒಪ್ಪಿ ಪಿನ್ ಹಾಕಿದ್ರೆ ಹಣ ಹೊರಗೆ ಹೋಗ್ತಿತ್ತು. ಒಬ್ಬರಿಂದ ಒಬ್ಬರಿಗೆ ಹಾಗೆ ಕೇಳುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ಎನ್‌ಪಿಸಿಐ ನಿಲ್ಲಿಸಿದೆ. ವ್ಯಾಪಾರಿಗಳದ್ದು ಈಗಲೂ ಉಂಟು, ಹಾಗಾಗಿ ರಿಕ್ವೆಸ್ಟ್ ಅಂತ ಬಂದ್ರೆ ನೀವೇ ಎಂತಾದ್ರೂ ಕೊಂಡದ್ದಾ ಅಂತ ಯೋಚಿಸಿ, ಅಲ್ಲದಿದ್ರೆ ಬೇಡ ಅನ್ನಿ.

ಈಗ ಹೆಚ್ಚು ನೋಡ್ಬೇಕಾದ್ದು ಆಟೋಪೇ. ಯಾವುದೋ ಆಪ್ "1 ರೂಪಾಯಿಗೆ ಒಂದು ವಾರ ನೋಡಿ" ಅಂತದೆ, ಒತ್ತಿದಾಗ ಪಿನ್ ಕೇಳ್ತದೆ, 1 ರೂಪಾಯಿ ತಾನೇ ಅಂತ ಹಾಕ್ತೀರಿ. ಆ ಪರದೆಯಲ್ಲಿ 1 ರೂಪಾಯಿ ದೊಡ್ಡದಾಗಿ ಉಂಟು, ಅದ್ರ ಕೆಳಗೆ "ಗರಿಷ್ಠ 999, ಪ್ರತಿ ತಿಂಗಳು, ರದ್ದು ಮಾಡುವವರೆಗೆ" ಅಂತ ಸಣ್ಣ ಅಕ್ಷರದಲ್ಲಿ ಇರ್ತದೆ. ಒಮ್ಮೆ ಪಿನ್ ಒತ್ತಿದ್ರೆ ಮುಂದಿನ ತಿಂಗಳು ಪಿನ್ ಕೇಳದೆಯೇ ಹೋಗ್ತದೆ, ಸಾಮಾನ್ಯವಾಗಿ 15,000ದ ಒಳಗಿನ ಕಂತಿಗೆ ಮತ್ತೆ ಪಿನ್ ಬೇಡ. ಎಲ್ಲ ಆಪಲ್ಲೂ ಆಟೋಪೇ ಅಂತ ಒಂದು ಜಾಗ ಉಂಟು, ಪ್ರೊಫೈಲ್ ಒಳಗೆ ಹುಡುಕಿ, ಗೊತ್ತಿಲ್ಲದ್ದು ಇದ್ರೆ ಅಲ್ಲಿಯೇ ರದ್ದು ಮಾಡಿ. ಇದಕ್ಕೆ ಕಸ್ಟಮರ್ ಕೇರ್ ಬೇಡ.

ಕಸ್ಟಮರ್ ಕೇರ್ ಅಂದಾಗ ನೆನಪಾಯ್ತು, ಅವರ ನಂಬರನ್ನು ಇಂಟರ್‌ನೆಟ್ಟಲ್ಲಿ ಹುಡುಕ್ಬೇಡಿ. ಮೋಸದವರು ತಮ್ಮ ನಂಬರನ್ನೇ ಬ್ಯಾಂಕಿನ ಹೆಸರಲ್ಲಿ ಹಾಕಿಟ್ಟಿರ್ತಾರೆ, ನೀವೇ ಅವರಿಗೆ ಫೋನ್ ಮಾಡಿದ ಹಾಗೆ ಆಗ್ತದೆ. ಅವರು ಮೊದಲು ಹೇಳುದೇ "ಒಂದು ಆಪ್ ಹಾಕಿ, ನಾವು ಸರಿ ಮಾಡ್ತೇವೆ" ಅಂತ, ಎನಿಡೆಸ್ಕ್ ತರದ್ದು, ಹಾಕಿದ್ರೆ ನಿಮ್ಮ ಪರದೆ ಅವರಿಗೆ ಕಾಣ್ತದೆ. ಸಹಾಯ ಬೇಕಾದ್ರೆ ಆಪಿನ ಒಳಗಿನ ಹೆಲ್ಪ್, ಇಲ್ಲದ್ರೆ ಎಟಿಎಂ ಕಾರ್ಡಿನ ಹಿಂದೆ ಅಚ್ಚಾದ ನಂಬರ್. ವಾಟ್ಸಾಪಲ್ಲಿ ಮದುವೆ ಕಾಗದ, ಟ್ರಾಫಿಕ್ ಚಲನ್, ಬ್ಯಾಂಕ್ ಕೆವೈಸಿ ಅಂತ `.apk` ಎಂದು ಮುಗಿಯುವ ಫೈಲ್ ಬಂದ್ರೆ ಅದು ಮದುವೆ ಕಾಗದ ಅಲ್ಲ. ಹಾಕಿಕೊಂಡ್ರೆ ನಿಮಗೆ ಬರುವ ಒಟಿಪಿ ಎಸ್ಸೆಮ್ಮೆಸ್ ಎಲ್ಲ ಅವರಿಗೆ ಹೋಗ್ಲಿಕ್ಕೆ ಸಾಕು. ಫೋನಿನ ಸೆಟ್ಟಿಂಗಲ್ಲಿ "ಗೊತ್ತಿಲ್ಲದ ಆಪ್ ಇನ್‌ಸ್ಟಾಲ್" ಅನ್ನುವ ಕಡೆ ವಾಟ್ಸಾಪಿಗೂ ಕ್ರೋಮಿಗೂ ಅನುಮತಿ ಆಫ್ ಇರ್ಬೇಕು, ಒಮ್ಮೆ ಹೋಗಿ ನೋಡಿಯೇ ಬಿಡಿ.

ಇನ್ನೊಂದು ಮೋಸ ಸ್ವಲ್ಪ ಮನಸ್ಸು ಕರಗಿಸುವಂಥದ್ದು. "ಅಕ್ಕ, ಆಸ್ಪತ್ರೆಗೆ ಕಟ್ಟುವ 4000 ತಪ್ಪಿ ನಿಮಗೆ ಹಾಕಿದೆ, ದಯಮಾಡಿ ವಾಪಸ್ ಹಾಕಿ" ಅಂತ ಫೋನು, ಜೊತೆಗೆ ಬ್ಯಾಂಕಿನ ಹಾಗೆ ಕಾಣುವ ಎಸ್ಸೆಮ್ಮೆಸ್. ಎಸ್ಸೆಮ್ಮೆಸ್ ಬಂದದ್ದು 10 ಅಂಕಿಯ ಸಾಮಾನ್ಯ ನಂಬರಿಂದಾದ್ರೆ ಅದು ಬ್ಯಾಂಕಿನದ್ದಲ್ಲ. ಆಪಿನ ಹಿಸ್ಟರಿಯಲ್ಲಿ ನೋಡಿ, ಅಲ್ಲಿ ಇಲ್ಲದಿದ್ರೆ ಹಣ ಬಂದೇ ಇಲ್ಲ. ನಿಜವಾಗ್ಲೂ ಬಂದಿದ್ರೂ ನೀವಾಗಿ ವಾಪಸ್ ಹಾಕ್ಲಿಕ್ಕೆ ಹೋಗ್ಬೇಡಿ, "ನಿಮ್ಮ ಬ್ಯಾಂಕಲ್ಲಿ ಕಂಪ್ಲೇಂಟ್ ಕೊಡಿ, ನನ್ನ ಬ್ಯಾಂಕ್ ಕೇಳಿದ್ರೆ ನಾನು ಒಪ್ತೇನೆ" ಅನ್ನಿ. ಕದ್ದ ಹಣ ನಿಮ್ಮ ಖಾತೆ ಮೂಲಕ ಹಾಯಿಸುವವರೂ ಇದ್ದಾರೆ, ಆಮೇಲೆ ಪೊಲೀಸರು ಫ್ರೀಜ್ ಮಾಡಿಸುದು ನಿಮ್ಮ ಖಾತೆಯನ್ನು.

ಫೋನ್ ಕಳೆದ್ರೆ ಎಂತ, ಮತ್ತು ಲೈಟ್

ಫೋನ್ ಕವರಿನ ಹಿಂದೆ ಎಟಿಎಂ ಕಾರ್ಡ್ ಇಟ್ಟುಕೊಳ್ಳುವ ಅಭ್ಯಾಸ ಉಂಟಲ್ಲ, ಅದನ್ನು ಇವತ್ತೇ ಬಿಡಿಸಿ. ಯುಪಿಐ ಪಿನ್ ಮರೆತವರು ಹೊಸದು ಮಾಡ್ಲಿಕ್ಕೆ ಕಾರ್ಡಿನ ಕೊನೆಯ 6 ಅಂಕಿ, ಅದ್ರ ಅವಧಿ ಮತ್ತು ಫೋನಿಗೆ ಬರುವ ಒಟಿಪಿ ಸಾಕು, ಕೆಲವು ಬ್ಯಾಂಕ್ ಮಾತ್ರ ಎಟಿಎಂ ಪಿನ್ ಕೂಡ ಕೇಳ್ತದೆ. ಫೋನೂ ಕಾರ್ಡೂ ಒಂದೇ ಕವರಲ್ಲಿ ಕಳ್ಳನ ಕೈಗೆ ಸಿಕ್ಕಿದ್ರೆ, ಫೋನಿಗೆ ಲಾಕ್ ಇಲ್ಲದಿದ್ರೆ, ನೀವು ಪಿನ್ ಎಷ್ಟು ಗುಟ್ಟಾಗಿ ಇಟ್ಟಿದ್ರೂ ಅವನು ತನ್ನದೇ ಪಿನ್ ಮಾಡಿಕೊಳ್ತಾನೆ. ಫೋನ್ ಲಾಕ್ ಹಾಕಿ, ಫೋನ್‌ಪೇ ಗೂಗಲ್ ಪೇ ಆದ್ರೆ ಆಪಿನ ಸೆಕ್ಯುರಿಟಿ ಸೆಟ್ಟಿಂಗಲ್ಲಿ ಸ್ಕ್ರೀನ್ ಲಾಕ್ ಆನ್ ಮಾಡಿ. ಮೂರೂ ಅಂಕಿಗಳು, ಅಂದ್ರೆ ಫೋನ್ ಲಾಕು, ಆಪ್ ಪಾಸ್‌ಕೋಡು, ಯುಪಿಐ ಪಿನ್ನು, ಒಂದೇ ಆಗ್ಬಾರದು, ಹುಟ್ಟಿದ ವರ್ಷ ಅಂತೂ ಬೇಡವೇ ಬೇಡ.

ಮೀನು ತಗೊಳ್ಳುವಾಗ, ಬಸ್ಸಲ್ಲಿ, ಸುತ್ತ ಜನ ಇರುವಾಗ ಪಿನ್ ಒತ್ತುದು ಸರಿ ಕಾಣುದಿಲ್ಲ ಅನ್ನುವವರಿಗೆ ಯುಪಿಐ ಲೈಟ್ ಉಂಟು. ಆಪಿನಲ್ಲಿ ಸ್ವಲ್ಪ ಹಣ ಮೊದಲೇ ಹಾಕಿಟ್ಟು ಪಿನ್ ಇಲ್ಲದೆ ಕೊಡುದು, ಹೆಚ್ಚೆಂದ್ರೆ 5000 ಇಡ್ಬಹುದು, ಒಂದು ಸಲಕ್ಕೆ 1000. ಹೊಸಬರು 500 ಇಟ್ರೆ ಸಾಕು. ಪಿನ್ ಇಲ್ಲ ಅಂದ ಮೇಲೆ ತೆರೆದ ಫೋನ್ ಯಾರ ಕೈಯಲ್ಲಿ ಉಂಟೋ ಅವರು ಖರ್ಚು ಮಾಡ್ಬಹುದು, ಅದು ನೆನಪಿರ್ಲಿ, ಹಣ ಕಮ್ಮಿ ಆದಾಗ ಖಾತೆಯಿಂದ ತಾನಾಗಿ ತುಂಬುವ ಆಟೋ ಟಾಪಪ್ ಆನ್ ಮಾಡ್ಬೇಡಿ.

ಪಿನ್ ನೆನಪಿಟ್ಟುಕೊಳ್ಳುದೇ ಕಷ್ಟ ಅನ್ನುವ ಅಜ್ಜಿ ಅಜ್ಜಂದಿರಿಗೆ ನಾನು ಈಗ ಹೇಳುದು ಯುಪಿಐ ಸರ್ಕಲ್. ಮಗಳ ಖಾತೆ, ಅಜ್ಜಿಯ ಫೋನು. ಅಜ್ಜಿ ಮೆಡಿಕಲ್‌ನಲ್ಲಿ ಸ್ಕ್ಯಾನ್ ಮಾಡಿದ್ರೆ ಮಗಳ ಫೋನಿಗೆ ಹೋಗಿ ಕೇಳ್ತದೆ, ಅವಳು ತನ್ನ ಪಿನ್ ಹಾಕಿದ್ರೆ ಮಾತ್ರ ಹಣ ಹೋಗುದು. ಪ್ರತಿ ಸಲ ಕೇಳುದು ಬೇಡ ಅಂದ್ರೆ ತಿಂಗಳಿಗೆ ಇಷ್ಟು ಅಂತ ಮಿತಿ ಇಡ್ಲಿಕ್ಕೆ ಆಗ್ತದೆ, ಹೆಚ್ಚೆಂದ್ರೆ 15,000, ಒಂದು ಸಲಕ್ಕೆ 5000. ಅಜ್ಜಿಯ ಪಾಸ್‌ಬುಕ್ಕಿನ ಖಾತೆ ಇದಕ್ಕೆ ಜೋಡಿಸುದೇ ಬೇಡ. ಮಗಳು ಮೀಟಿಂಗಲ್ಲಿ ಇದ್ರೆ ಅಜ್ಜಿ ಕೌಂಟರಲ್ಲಿ ಕಾಯ್ಬೇಕು, ಅದೊಂದು ರಗಳೆ.

ಹೋದ ಮೇಲೆ

ಹಣ ಹೋಗುದು ಮೂರು ತರ ಉಂಟು, ಮೂರಕ್ಕೂ ಬೇರೆ ಬೇರೆ ದಾರಿ.

ಖಾತೆಯಿಂದ ಕಟ್ ಆಗಿದೆ, ಎದುರಿನವರಿಗೆ ಬಂದಿಲ್ಲ, "ಪೆಂಡಿಂಗ್" ಅಂತ ಉಂಟು: ಮತ್ತೆ ಕಳಿಸ್ಬೇಡಿ, ಕಾಯಿರಿ. ಒಬ್ಬರಿಂದ ಒಬ್ಬರಿಗೆ ಆದ್ರೆ ಮಾರನೇ ದಿನದೊಳಗೆ, ಅಂಗಡಿಯದ್ದಾದ್ರೆ 5 ದಿನದೊಳಗೆ ತಾನಾಗಿ ವಾಪಸ್ ಬರ್ಬೇಕು. ತಡ ಆದ್ರೆ ದಿನಕ್ಕೆ 100 ರೂಪಾಯಿಯ ಹಾಗೆ ಬ್ಯಾಂಕ್ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ನಿಯಮ ಉಂಟು.

ಮೋಸ ಆಗಿದೆ: ಆ ಕ್ಷಣವೇ 1930ಕ್ಕೆ ಫೋನ್, ಮನೆಯವರಿಗೆ ಹೇಳುದು ಆಮೇಲೆ. ಅಥವಾ cybercrime.gov.in. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೀಬೇಕು, ಅದಕ್ಕೇ ಇಷ್ಟು ಅವಸರ. ಜೊತೆಗೆ ಬ್ಯಾಂಕಿಗೆ ಹೇಳಿ ಖಾತೆಯಿಂದ ಮತ್ತೆ ಹೋಗದ ಹಾಗೆ ಮಾಡಿಸಿ.

ನೀವೇ ತಪ್ಪಿ ಬೇರೆಯವರಿಗೆ ಹಾಕಿದ್ದು: ಇದು ಎಲ್ಲಕ್ಕಿಂತ ಕಷ್ಟ. ಆಪಿನ ಹಿಸ್ಟರಿಯಲ್ಲಿ ಆ ಲೆಕ್ಕ ತೆರೆದ್ರೆ 12 ಅಂಕಿಯ ಯುಟಿಆರ್ ನಂಬರ್ ಕಾಣ್ತದೆ, ಸ್ಕ್ರೀನ್‌ಶಾಟ್ ತೆಗೆದು ಅಲ್ಲೇ ಕಂಪ್ಲೇಂಟ್ ಹಾಕಿ, ಅದೇ ದಿನ ಬ್ರಾಂಚಿಗೆ ಹೋಗಿ ಬರವಣಿಗೆಯಲ್ಲಿ ಕೊಟ್ಟು ಸೀಲ್ ಹಾಕಿಸಿ. ನಿಮ್ಮ ಬ್ಯಾಂಕ್ ಅವರ ಬ್ಯಾಂಕಿಗೆ ಬರೀತದೆ, ಅವರ ಬ್ಯಾಂಕ್ ಅವರನ್ನು ಕೇಳ್ತದೆ. ಅವರು ಒಪ್ಪಿದ್ರೆ ಹಣ ವಾಪಸ್, ಒಪ್ಪದಿದ್ರೆ ಬ್ಯಾಂಕ್ ತಾನಾಗಿ ಅವರ ಖಾತೆಯಿಂದ ತೆಗೆದು ನಿಮಗೆ ಕೊಡ್ಲಿಕ್ಕೆ ಆಗುದಿಲ್ಲ, ಮತ್ತೆ ಪೊಲೀಸು, ಲಾಯರ್ ನೋಟೀಸು ಅಂತ ಹೋಗ್ಬೇಕಾಗ್ತದೆ. ಬ್ಯಾಂಕ್ ನಿಮ್ಮ ಅರ್ಜಿಗೆ 30 ದಿನ ಆದ್ರೂ ಉತ್ತರ ಕೊಡದಿದ್ರೆ cms.rbi.org.in ನಲ್ಲಿ, ಬ್ಯಾಂಕುಗಳ ಮೇಲಿನ ದೂರು ನೋಡುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡ್ಬಹುದು, ಬ್ರಾಂಚಲ್ಲಿ ಸೀಲ್ ಹಾಕಿಸಿದ ಆ ಪ್ರತಿ ಆಗ ಬೇಕಾಗ್ತದೆ.